ಮೇಲಿನ ಮಹಡಿಯ ಮನೆ, ಬಿಸಿಗಾಳಿಯ ರಾತ್ರಿಗಳು

ನಮ್ಮ ಮನೆ ಕಟ್ಟಡದ ಕೊನೆಯ ಮಹಡಿಯಲ್ಲಿದೆ. ಎಸಿ ಇಲ್ಲ. ಮಧ್ಯಾಹ್ನ ಒಂದು ಕಳೆದರೆ ಸಾಕು, ಆಮೇಲೆ ತಂಪಾಗುತ್ತದೆ ಅಂತ ಮೊದಲು ಅಂದುಕೊಂಡಿದ್ದೆ. ಆದರೆ ಒಳಗೆ ನಿಲ್ಲಲಾಗದಷ್ಟು ಸೆಕೆ ಆಗುತ್ತಿದ್ದದ್ದು ಸಂಜೆ ಏಳರ ಮೇಲೆ. ಒಂದು ದಿನ ಇನ್‌ಫ್ರಾರೆಡ್ ಥರ್ಮಾಮೀಟರ್ ತಂದು ಒಳಗಿನಿಂದ ಚಾವಣಿಯನ್ನು ಅಳೆದೆ. ಮಧ್ಯಾಹ್ನ ಎರಡಕ್ಕೆ 36 ಡಿಗ್ರಿ ಇತ್ತು. ಸಂಜೆ ಏಳಕ್ಕೆ 41! ಹೊರಗೆ ಬಿಸಿಲೇ ಇಲ್ಲ, ಚಾವಣಿ ಮಾತ್ರ ಕಾವಲಿಯ ಹಾಗೆ.

ಕಾರಣ ಸರಳ. ಕಾಂಕ್ರೀಟ್ ಸ್ಲ್ಯಾಬ್ ಹಗಲೆಲ್ಲ ಬಿಸಿಲು ಕುಡಿಯುತ್ತದೆ. ಮೇಲಿನ ಕಾವು ಒಳಭಾಗಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಆಮೇಲೆ ರಾತ್ರಿ ಪೂರ್ತಿ ಆ ಕಾವು ನಮ್ಮ ಮೇಲೆ ಇಳಿಯುತ್ತಲೇ ಇರುತ್ತದೆ. ಫ್ಯಾನ್ ಹಾಕಿದರೆ ಚಾವಣಿಯ ಕೆಳಗಿನ ಬಿಸಿ ಗಾಳಿಯೇ ಕೆಳಗೆ ಬರುತ್ತದೆ.

ಹಾಗಾಗಿ ಮೊದಲು ತಾರಸಿಯ ಕೆಲಸ ಹಿಡಿದೆ. ಕಟ್ಟಡದವರ ಒಪ್ಪಿಗೆ ಪಡೆದು, ತಾರಸಿ ತೊಳೆದು, ಬಿರುಕು ಮುಚ್ಚಿಸಿ, ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಬಣ್ಣವನ್ನು ಎರಡು ಕೋಟ್ ಹೊಡೆಸಿದೆ. ಸಂಜೆಯ ಚಾವಣಿ 41ರಿಂದ 37ಕ್ಕೆ ಇಳಿಯಿತು. ಬಿಳಿ ಬಣ್ಣದ ಮೇಲೆ ಧೂಳು ಕೂತರೆ ಅದರ ಗುಣ ಹೋಗುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಆಗಾಗ ಗುಡಿಸಿ ತೊಳೆಯಬೇಕು.

ಕಿಟಕಿಯ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದೆ. ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾದಾಗ ತೆರೆಯಬೇಕು, ಬಿಸಿಯಾದಾಗ ಮುಚ್ಚಬೇಕು. ಇದಕ್ಕೆ ಒಳಗೊಂದು, ಹೊರಗೊಂದು ಥರ್ಮಾಮೀಟರ್ ಇಟ್ಟೆ. ಹೊರಗಿನದನ್ನು ಪಡುವಣ ಗೋಡೆಗೆ ನೇತುಹಾಕಿದ್ದೆ. ಸಂಜೆ ಎಂಟಾದರೂ ಅದು 38ಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ, ನಾನು ಕಿಟಕಿ ತೆರೆಯುತ್ತಿರಲಿಲ್ಲ. ಅದು ಅಳೆಯುತ್ತಿದ್ದದ್ದು ಗಾಳಿಯನ್ನಲ್ಲ, ಕಾದ ಗೋಡೆಯನ್ನು. ಬಡಗಣ ಬಾಲ್ಕನಿಯ ನೆರಳಿಗೆ, ಗೋಡೆಯಿಂದ ದೂರಕ್ಕೆ ತಂದ ಮೇಲೆ ಅದೇ ಹೊತ್ತಿಗೆ 34 ತೋರಿಸಿತು. ಎರಡು ಗಂಟೆಯ ತಂಪು ಗಾಳಿಯನ್ನು ಸುಮ್ನೆ ಕಳೆದುಕೊಂಡಿದ್ದೆ.

ಈಗ ಹವಾಮಾನ ಇಲಾಖೆ ಕೊಡುವ ಬಿಸಿಗಾಳಿ ಎಚ್ಚರಿಕೆಯ ವಿಷಯ. ಎಲ್ಲರೂ ನೋಡುವುದು ಗರಿಷ್ಠ ತಾಪಮಾನ, ಆಮೇಲೆ ಬಣ್ಣ. ಹಳದಿ ಅಂದರೆ ಗಮನವಿರಲಿ, ಕಿತ್ತಳೆ ಅಂದರೆ ಸಿದ್ಧವಾಗಿರಿ, ಕೆಂಪು ಅಂದರೆ ಈಗಲೇ ಕ್ರಮ ತೆಗೆದುಕೊಳ್ಳಿ. ನಾನು ಮೊದಲು ನೋಡುವುದು ಎಚ್ಚರಿಕೆ ಯಾವಾಗ ಹೊರಟಿದ್ದು, ಎಲ್ಲಿಯವರೆಗೆ ಅನ್ವಯ ಅಂತ. ಹಳೆಯ ಎಚ್ಚರಿಕೆಗಳು ಫೋನಿನಲ್ಲಿ ದಿನಗಟ್ಟಲೆ ಓಡಾಡುತ್ತವೆ, ಅಲ್ವಾ? ಆಮೇಲೆ ಕನಿಷ್ಠ ತಾಪಮಾನ ನೋಡುತ್ತೇನೆ. ಸ್ಲ್ಯಾಬ್ ತಣ್ಣಗಾಗುವುದು ರಾತ್ರಿ ಮಾತ್ರ. ರಾತ್ರಿಯೇ ಬಿಸಿಯಿದ್ದರೆ ಹಿಂದಿನ ದಿನದ ಕಾವಿನ ಮೇಲೆ ಮರುದಿನದ್ದು ಸೇರುತ್ತದೆ.

ಇನ್ನೊಂದು ಲೆಕ್ಕ ಇದೆ. ಹವಾಮಾನ ಕೇಂದ್ರದವರು ಅಳೆಯುವುದು ಸಾಮಾನ್ಯವಾಗಿ ತೆರೆದ ಜಾಗದಲ್ಲಿ, ನೆರಳಿನ ಪೆಟ್ಟಿಗೆಯೊಳಗೆ. ನಗರದ ಗೋಡೆ, ರಸ್ತೆಗಳ ನಡುವೆ ರಾತ್ರಿ ಅದಕ್ಕಿಂತ ಬಿಸಿ. ಒಂದು ವಾರ ಬೆಳಗಿನ ಜಾವ ಬರೆದಿಟ್ಟು ನೋಡಿದೆ. ನಮ್ಮ ಬಾಲ್ಕನಿ ಅವರ ಕನಿಷ್ಠಕ್ಕಿಂತ ಸುಮಾರು 2 ಡಿಗ್ರಿ ಜಾಸ್ತಿ.

ಹೋದ ಬೇಸಿಗೆಯಲ್ಲಿ ಮೂರು ದಿನಕ್ಕೆ ಕಿತ್ತಳೆ ಎಚ್ಚರಿಕೆ ಬಂತು. ಗರಿಷ್ಠ 41, ಕನಿಷ್ಠ 29. ಅಂದರೆ ನಮ್ಮಲ್ಲಿ ರಾತ್ರಿ 31, ಒಳಗೆ ಇನ್ನೂ ಜಾಸ್ತಿ. ಕಿಟಕಿ ತೆರೆದರೂ ಸಾಲದು ಅಂತ ಆಗಲೇ ತಿಳಿಯಿತು. ಬೆಳಿಗ್ಗೆ ಎಂಟಕ್ಕೇ ಎಲ್ಲ ಮುಚ್ಚಿ, ಬಿಸಿಲು ಬೀಳುವ ಕಿಟಕಿಗಳಿಗೆ ಹೊರಗಡೆಯಿಂದ ಬಟ್ಟೆ ಕಟ್ಟಿದೆವು. ಒಳಗಿನ ಪರದೆಯಾದರೆ ಗಾಜು ದಾಟಿ ಬಂದ ಕಾವು ಮನೆಯಲ್ಲೇ ಉಳಿಯುತ್ತದೆ. ಸಂಜೆ ಬಿಸಿಲು ವಾಲಿದ ಮೇಲೆ ತಾರಸಿಗೆ ಒಂದು ಬಕೆಟ್ ನೀರು ತೆಳ್ಳಗೆ ಚಿಮುಕಿಸಿ, ಒಣಗಿದ ಮೇಲೆ ಇನ್ನೊಂದು. ತಂಪು ಮಾಡುವುದು ಆವಿಯಾಗುವ ನೀರು, ನಿಂತ ನೀರಲ್ಲ. ನಿಂತರೆ ಸೋರಿಕೆಯ ಭಯ ಬೇರೆ. ಗಾಳಿಯಲ್ಲಿ ತೇವ ಜಾಸ್ತಿಯಿದ್ದ ದಿನ ಇದರಿಂದ ಅಷ್ಟು ಫಲ ಸಿಗುವುದಿಲ್ಲ. ರಾತ್ರಿ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ, ಎದುರು ತುದಿಯ ಕಿಟಕಿ ಒಂದನ್ನೇ ತೆರೆದೆವು. ಗಾಳಿ ಇಡೀ ಮನೆ ದಾಟಿ ಹೋಗುತ್ತಿತ್ತು.

ಎರಡನೇ ಬೆಳಿಗ್ಗೆ ಆರಕ್ಕೆ ಚಾವಣಿ ಇನ್ನೂ 34. ಅತ್ತೆಗೆ ಎಪ್ಪತ್ತೆರಡು. "ತಲೆ ಭಾರ ಕಣೇ, ಬಾಯಾರಿಕೆನೂ ಆಗ್ತಿಲ್ಲ" ಅಂದರು. ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ, ಬೆವರುವುದೂ ಕಡಿಮೆ. ನೀರು ಕುಡಿಸಿ, ಒದ್ದೆ ಬಟ್ಟೆಯಿಂದ ಕೈಕಾಲು ಒರೆಸಿ, ಆ ದಿನವೇ ಅವರನ್ನು ನೆಲಮಹಡಿಯ ಮನೆಯವರಲ್ಲಿ ಮಲಗಿಸಿದೆವು. ಮಾತು ತೊದಲಿದ್ದರೆ, ಗೊಂದಲವಾಗಿದ್ದರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೇ ಓಡುತ್ತಿದ್ದೆ.

ನಾಲ್ಕನೇ ದಿನ ಎಚ್ಚರಿಕೆ ಹಳದಿಗೆ ಇಳಿಯಿತು. "ಇನ್ನು ಮೇಲೆ ಬರಲಾ?" ಅಂತ ಅತ್ತೆ ಕೇಳಿದರು. ಕನಿಷ್ಠ ಇನ್ನೂ 28 ಇತ್ತು, ತಡೆದೆ. ಮತ್ತೆರಡು ರಾತ್ರಿ ಕಳೆದು, ಬೆಳಗಿನ ಆರಕ್ಕೆ ಚಾವಣಿ 31 ತೋರಿಸಿದ ದಿನ ಅವರ ಹಾಸಿಗೆ ಮೇಲೆ ತಂದೆವು.