ಏಳು ಸಾಲಿಗೆ ಇಳಿದ ಉತ್ತರಕುಮಾರ

ತೀರ್ಥಹಳ್ಳಿ ಕಡೆಯ ಮಕ್ಕಳಿಗೆ ಉತ್ತರಕುಮಾರನನ್ನು ಪರಿಚಯಿಸಬೇಕಿಲ್ಲ. ಯಕ್ಷಗಾನದಲ್ಲಿ ನೋಡಿರುತ್ತಾರೆ, 'ಉತ್ತರನ ಪೌರುಷ ಒಲೆಯ ಮುಂದೆ' ಅನ್ನೋ ಗಾದೆಯೂ ಗೊತ್ತು. ನನಗೆ ಕಷ್ಟವಾಗಿದ್ದೇ ಅದು. ಐದನೇ ತರಗತಿಯವರಿಗೆ ಅವನ ಕಥೆ ಕ್ರಮವಾಗಿ ಬರೆಯಿರಿ ಅಂದರೆ, ಅವನು ಓಡಿಹೋದ ಅಂತ ಬರೆದು ಪೆನ್ನು ಇಡುತ್ತಿದ್ದರು. ದನ ಯಾರು ಬಿಡಿಸಿದರು? ಉತ್ತರವೇ ಇಲ್ಲ.

ಮೊದಲ ಸಲ ನಾನೇ ಇಪ್ಪತ್ತೆರಡು ಸಾಲು ಬರೆದು, ಕೈಯಿಂದ ಸುಮಾರು ನಾನೂರು ರೂಪಾಯಿ ಹಾಕಿ ಫ್ಲೆಕ್ಸ್ ಮಾಡಿಸಿದೆ. ಯಾರೂ ಓದಲಿಲ್ಲ. ಅದೀಗ ನಮ್ಮ ಸೌದೆ ಕೊಟ್ಟಿಗೆಗೆ ಮಳೆಗಾಲದ ಮುಚ್ಚಿಗೆ. ಎರಡನೇ ಸಲ ಐದೇ ಸಾಲು ಮಾಡಿ, ವಿರಾಟರಾಜ ಯುದ್ಧಕ್ಕೆ ಹೋಗಲು ಕಾರಣನಾದ ಸುಶರ್ಮನನ್ನು ಪೂರ್ತಿ ಕೈಬಿಟ್ಟೆ. "ಸಾರ್, ಅಷ್ಟೊತ್ತಿಗೆ ರಾಜ ಎಲ್ಲಿದ್ದ?" ಅಂತ ಒಬ್ಬಳು ಕೇಳಿದಳು. ಸರಿಯಾದ ಪ್ರಶ್ನೆಯೇ.

ಆಮೇಲೆ ಹಳೇ ನೋಟ್‌ಬುಕ್ ರಟ್ಟು ಕತ್ತರಿಸಿ ಒಂದೊಂದು ಪಟ್ಟಿಗೆ ಒಂದೊಂದು ಸಾಲು ಬರೆದೆ, ಕಲಸಿ ಮಕ್ಕಳ ಮುಂದೆ ಹಾಕಿದೆ. ಒಂದು ಪಟ್ಟಿ ಎರಡು ಜಾಗದಲ್ಲಿ ಕೂತರೆ ತಪ್ಪು ಮಕ್ಕಳದಲ್ಲ, ಸಾಲಿನದು. 'ಆಮೇಲೆ ಅವನು ಹೆದರಿದ' ಅನ್ನೋ ಸಾಲು ಎಲ್ಲಿ ಬೇಕಾದರೂ ಕೂರುತ್ತಿತ್ತು. 'ಆಮೇಲೆ', 'ಅವನು' ಎರಡನ್ನೂ ತೆಗೆದೆ. ಹಿಂದಿನ ಸಾಲಲ್ಲಿ ಬಂದ ಹೆಸರೋ ವಸ್ತುವೋ ಮುಂದಿನದರಲ್ಲಿ ಮತ್ತೆ ಬರುವ ಹಾಗೆ ಮಾಡಿದೆ.

ಕೊನೆಗೆ ನಿಂತದ್ದು ಇದು:

ವಿರಾಟರಾಜ ಸೈನ್ಯದ ಜೊತೆ ಸುಶರ್ಮನ ಮೇಲೆ ಯುದ್ಧಕ್ಕೆ ಹೋದ. ಅರಮನೆಯಲ್ಲಿ ಮಗ ಉತ್ತರಕುಮಾರ ಉಳಿದ.
ಕೌರವರು ಇನ್ನೊಂದು ಕಡೆಯಿಂದ ದನ ಹೊಡೆದುಕೊಂಡು ಹೋದರೆಂದು ಗೋವಳ ಬಂದು ಕುಮಾರನಿಗೆ ಹೇಳಿದ.
ಸಾರಥಿ ಇದ್ದರೆ ಕೌರವರನ್ನು ಗೆಲ್ಲುತ್ತಿದ್ದೆ ಎಂದ ಕುಮಾರನಿಗೆ ಬೃಹನ್ನಳೆ ಸಾರಥಿಯಾಗಿ ಬಂದಳು.
ಕೌರವಸೇನೆ ಕಂಡು ಕುಮಾರ ರಥದಿಂದ ಹಾರಿ ಓಡಿದ. ಬೃಹನ್ನಳೆ ಹಿಡಿದು ತಂದಳು.
ಬೃಹನ್ನಳೆ ಹೇಳಿದಂತೆ ಕುಮಾರ ಬನ್ನಿಮರ ಹತ್ತಿ ಬಚ್ಚಿಟ್ಟಿದ್ದ ಆಯುಧ ಇಳಿಸಿದ.
ಆಯುಧ ಹಿಡಿದ ಬೃಹನ್ನಳೆ ತಾನೇ ಅರ್ಜುನ ಎಂದಾಗ ಕುಮಾರ ಸಾರಥಿಯಾದ.
ಅರ್ಜುನ ಕೌರವರನ್ನು ಸೋಲಿಸಿ ದನಗಳನ್ನು ಬಿಡಿಸಿದ.

ಆರನೇ ಸಾಲಿನವರೆಗೆ ಅರ್ಜುನನ ಹೆಸರು ಎತ್ತಬಾರದು. ಮೊದಲೇ ಹೇಳಿದರೆ ಬನ್ನಿಮರ ಸುಮ್ನೆ ಒಂದು ಮರವಾಗುತ್ತೆ. ಸಾರಥಿ ಅದಲುಬದಲಾಗುವ ಜಾಗವೇ ಕಥೆಯ ಕೀಲು. ಅಲ್ಲಿ ತಡವರಿಸುವ ಮಕ್ಕಳಿಗೆ ನಾನೊಂದು ಆಟ ಆಡಿಸುತ್ತೇನೆ, ಅದನ್ನು ಇಲ್ಲಿ ಬರೆಯಲ್ಲ ಬಿಡಿ.

"ಏಳು ಸಾಲಲ್ಲಿ ರಸ ಎಲ್ಲಿ ಉಳಿಯುತ್ತೆ ಮಾರಾಯ್ರೇ?" ಅಂದಿದ್ದರು ನಮ್ಮ ಹಿರಿಯ ಮೇಷ್ಟ್ರು. ಮೂವತ್ತು ಚಿಲ್ಲರೆ ಮಕ್ಕಳಲ್ಲಿ ಇಪ್ಪತ್ತೈದು ಜನವಾದರೂ ನೋಡದೆ ಕ್ರಮವಾಗಿ ಬರೆದರು. ಆ ಮೇಷ್ಟ್ರೇ ಪಟ್ಟಿ ಕೇಳಿ ಒಯ್ದರು.

ನಡುವೆ ಒಂದು ಪ್ರಯೋಗ ಮಾಡಿದೆ. ಹೊರಡುವಾಗ ಉತ್ತರೆ ಗೊಂಬೆಗೆ ಬಟ್ಟೆ ತರಲು ಹೇಳುವುದು, ಗೆದ್ದ ಮೇಲೆ ಕೌರವರ ಬಟ್ಟೆ ತರುವುದು, ಇವೆರಡನ್ನೂ ಸೇರಿಸಿದೆ. ಸಾಲು ಒಂಬತ್ತಾಯಿತು. ಆದರೆ ಉತ್ತರ, ಉತ್ತರೆ ಅಂತ ಮಕ್ಕಳು ಅಣ್ಣ ತಂಗಿಯನ್ನೇ ಕಲಸಿಬಿಟ್ಟರು. ಒಬ್ಬನ ಹಾಳೆಯಲ್ಲಂತೂ ಉತ್ತರೆಯೇ ಬನ್ನಿಮರ ಹತ್ತಿದ್ದಳು. ಆ ಎರಡು ಪಟ್ಟಿ ಈಗ ಬೀರುವಿನಲ್ಲಿವೆ.