ಪೆನ್ಶನ್ ಬಿಡದೆ ಸರ್ಕಾರಿ ನೌಕರಿ ಬಿಟ್ಟಿದ್ದು: ಪುಣೆಯಲ್ಲಿ ನನ್ನ ಅನುಭವ

2018ರ ಅಕ್ಟೋಬರ್ 31ರಂದು ನಾನು ಪುಣೆಯ ಕೇಂದ್ರ ಸರ್ಕಾರಿ ಕಚೇರಿಯಿಂದ ಸ್ವಯಂ ನಿವೃತ್ತಿ ತಗೊಂಡೆ. ಆಗ ನನಗೆ 45. ಮರುವಾರವೇ ಹಿಂಜೇವಾಡಿಯಲ್ಲಿ ಖಾಸಗಿ ಕೆಲಸಕ್ಕೆ ಸೇರಿದೆ. ಧಾರವಾಡದಿಂದ ಮಾವನವರು ಫೋನ್ ಮಾಡಿ, "ಇನ್ನೂ 15 ವರ್ಷ ಸರ್ವಿಸ್ ಐತಿ, ಅದನ್ನ ಬಿಟ್ಟು ಯಾರರ ಹೋಗ್ತಾರೇನ್ರೀ? ಮಕ್ಕಳ ಮುಖ ನೋಡ್ರಿ" ಅಂದಿದ್ದರು. ಇಲ್ಲಿನ ಕನ್ನಡ ಗೆಳೆಯರೂ ಅದನ್ನೇ ಹೇಳಿದರು. ಈಗ ಏಳು ವರ್ಷ ಆಯ್ತು. ಲೆಕ್ಕ ಸರಿಯಿತ್ತು ಅಂತ ಧೈರ್ಯವಾಗಿ ಹೇಳಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸೇರಿದ್ದು 1998ರ ಫೆಬ್ರವರಿಯಲ್ಲಿ, ಹಳೇ ಪೆನ್ಶನ್ ಇದ್ದ ಕಾಲದಲ್ಲಿ. 2004ರ ಜನವರಿ 1ರಿಂದ ಈಚೆಗೆ ಕೇಂದ್ರ ಸರ್ಕಾರಕ್ಕೆ ಸೇರಿದವರ ಲೆಕ್ಕ ಬೇರೆ, ಅದನ್ನು ಕೊನೆಗೆ ಹೇಳ್ತೀನಿ.

ಮೊದಲು ಎಡವಿದ್ದು 2012ರಲ್ಲಿ. ಆಗ ಸರ್ವಿಸ್ 14 ವರ್ಷ. ಒಂದು ಖಾಸಗಿ ಕಂಪನಿ ನನ್ನ ಸಂಬಳದ ಎರಡರಷ್ಟು ಕೊಡ್ತೀನಿ ಅಂದಿತು. ರಾಜೀನಾಮೆ ಪತ್ರ ಬರೆದು ಎರಡು ದಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ. ಅಕೌಂಟ್ಸ್ ವಿಭಾಗದಲ್ಲಿ ವಿಜಯಪುರದ ಕಡೆಯ ಹಿರಿಯರೊಬ್ಬರು ಇದ್ದರು. ಚಹಾ ಕುಡೀತಾ ಪತ್ರ ಓದಿ, ಮಡಚಿ ವಾಪಸ್ ಕೊಟ್ಟರು. "ತಮ್ಮಾ, ಇದರಾಗ ರಾಜೀನಾಮೆ ಅಂತ ಬರದೀ. ಆ ಒಂದ್ ಶಬ್ದಕ್ಕ ನಿನ್ನ 14 ವರ್ಷ ಹೋಗ್ತಾವು" ಅಂದರು. ಅದು ನಿಜ. ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆ ಪೂರ್ತಿ ರದ್ದು. ಪೆನ್ಶನ್ ಇಲ್ಲ, ಗ್ರಾಚ್ಯುಟಿ ಇಲ್ಲ. ಕೈಗೆ ಬರೋದು ನಾವೇ ಕೂಡಿಟ್ಟ ಜಿಪಿಎಫ್, ಜೊತೆಗೆ ಉಳಿದ ಗಳಿಕೆ ರಜೆಯ ಅರ್ಧಕ್ಕೆ ಸಂಬಳ, ಅಷ್ಟೆ. ನಮ್ಮ ಕಚೇರಿಯಲ್ಲೇ ಒಬ್ಬರು ಹದಿನೆಂಟು ವರ್ಷ ಮುಗಿಸಿ ರಾಜೀನಾಮೆ ಕೊಟ್ಟು ಹೋಗಿದ್ದರು. ಇನ್ನು ಎರಡು ವರ್ಷ ತಡೆದಿದ್ದರೆ ಸಾಯೋವರೆಗೂ ಪೆನ್ಶನ್ ಇರುತ್ತಿತ್ತು.

ಆ ಸಂಜೆಯೇ ನನ್ನ ದಾರಿ ಗೊತ್ತಾಯಿತು. ಅರ್ಹ ಸೇವೆ, ಅಂದರೆ ಪೆನ್ಶನ್ ಲೆಕ್ಕಕ್ಕೆ ಬರುವ ಸೇವೆ, 20 ವರ್ಷ ತುಂಬಿದ ಮೇಲೆ ಮೂರು ತಿಂಗಳ ನೋಟಿಸ್ ಕೊಟ್ಟು ಸ್ವಯಂ ನಿವೃತ್ತಿ ತಗೊಂಡರೆ ಪೂರ್ತಿ ಪೆನ್ಶನ್, ಅಂದರೆ ಕೊನೆಯ ಮೂಲ ವೇತನದ ಅರ್ಧ. ಮೊದಲು 33 ವರ್ಷ ಬೇಕಿತ್ತು. ಆರನೇ ವೇತನ ಆಯೋಗದ ನಂತರ ಅದು ಹೋಯಿತು. ನಮ್ಮಲ್ಲಿ ತುಂಬ ಜನರ ತಲೆಯಲ್ಲಿ ಇನ್ನೂ 33ರ ಲೆಕ್ಕವೇ ಕೂತಿದೆ. ನನ್ನ ಮೇಲಧಿಕಾರಿಗೂ ಸುತ್ತೋಲೆ ತೋರಿಸಿದ ಮೇಲೆಯೇ ನಂಬಿಕೆ ಬಂದದ್ದು.

ಎರಡನೇ ಪೆಟ್ಟು 2018ರ ಫೆಬ್ರವರಿಯಲ್ಲಿ. ಸೇರಿದ ದಿನದಿಂದ ಎಣಿಸಿದರೆ 20 ವರ್ಷ ಆಗಿತ್ತು. ಕೈಯಲ್ಲಿ ಕಂಪನಿಯ ಪತ್ರವೂ ಇತ್ತು, ತಿಂಗಳಿಗೆ 1.2 ಲಕ್ಷ. ನೋಟಿಸ್ ಕೊಟ್ಟೆ. ಮೂರು ವಾರ ಬಿಟ್ಟು ಉತ್ತರ ಬಂತು: ನಿಮ್ಮ ಅರ್ಹ ಸೇವೆ 19 ವರ್ಷ 7 ತಿಂಗಳು ಮಾತ್ರ. ಸರ್ವಿಸ್ ಬುಕ್ ತರಿಸಿ ನೋಡಿದೆ. 1999ರಲ್ಲಿ ಅಪ್ಪನಿಗೆ ಪಾರ್ಶ್ವವಾಯು ಆದಾಗ ಧಾರವಾಡದಲ್ಲಿ ಐದು ತಿಂಗಳು ಸಂಬಳವಿಲ್ಲದ ರಜೆಯಲ್ಲಿದ್ದೆ. ಹಳದಿ ಬಣ್ಣಕ್ಕೆ ತಿರುಗಿದ ಪುಟದಲ್ಲಿ, ಕೆಂಪು ಶಾಯಿಯಲ್ಲಿ, ಆ ಐದು ತಿಂಗಳು "ಅರ್ಹವಲ್ಲ" ಅಂತ ಬರೆದಿತ್ತು. ಸಂಬಳವಿಲ್ಲದ ಇಂಥ ಅಸಾಧಾರಣ ರಜೆ ವೈದ್ಯಕೀಯ ಸರ್ಟಿಫಿಕೇಟ್ ಮೇಲೆ ತಗೊಂಡರೆ ಸೇವೆಗೆ ಸೇರುತ್ತೆ. ಆದರೆ ಕಾಯಿಲೆ ಅಪ್ಪನದು, ನನ್ನದಲ್ಲ. ಹಾಗಾಗಿ ಸೇರಲಿಲ್ಲ. ಕಂಪನಿಯವರು ಐದು ತಿಂಗಳು ಕಾಯಲಿಲ್ಲ. ಆ ಕೆಲಸ ಕೈತಪ್ಪಿತು. ಮುಂದೆ ಸಿಕ್ಕಿದ್ದು 1.08 ಲಕ್ಷದ್ದು. ತಿಂಗಳಿಗೆ 12 ಸಾವಿರದಂತೆ ಆ ಕೆಂಪು ಶಾಯಿಗೆ ನಾನು ಎಷ್ಟು ತೆತ್ತೆ ಅಂತ ಲೆಕ್ಕ ಹಾಕುವುದನ್ನು ಬಿಟ್ಟಿದ್ದೇನೆ.

ಹಾಗಾಗಿ ಸರ್ವಿಸ್ ಬುಕ್ಕನ್ನು ಮೊದಲ ಪುಟದಿಂದ ನೀವೇ ಕೂತು ಓದಬೇಕು. 18 ವರ್ಷ ಆದ ಮೇಲೆ ಕಚೇರಿ ಅರ್ಹ ಸೇವೆಯನ್ನು ತಾಳೆ ನೋಡಿ ಬರವಣಿಗೆಯಲ್ಲಿ ತಿಳಿಸಬೇಕು. ನಾನು ಅದನ್ನು ಕೇಳಿಯೇ ಇರಲಿಲ್ಲ. ಕೇಳಿದ್ದರೆ ಎರಡು ವರ್ಷ ಮೊದಲೇ ಗೊತ್ತಾಗುತ್ತಿತ್ತು. ಎರಡನೇ ಸಲ ಜುಲೈ ಕೊನೆಗೆ ನೋಟಿಸ್ ಕೊಟ್ಟೆ. ಬಿಟ್ಟುಹೋಗಿದ್ದ ಒಂದು ತಾಳೆ ಸಹಿಯನ್ನು ಹಳೇ ಕಚೇರಿಯಿಂದ ಎಂಟೇ ದಿನದಲ್ಲಿ ಹಾಕಿಸಿಕೊಂಡು ಬಂದೆ. ಹೇಗೆ ಅಂತ ಮಾತ್ರ ಇಲ್ಲಿ ಬರೆಯಲ್ಲ, ಸಹಾಯ ಮಾಡಿದವರು ಇನ್ನೂ ಸರ್ವಿಸ್‌ನಲ್ಲಿದ್ದಾರೆ.

ಹೊಸ ಕಂಪನಿಯವರು ಅವಸರ ಮಾಡಿದರೂ ನೋಟಿಸ್ ಅವಧಿ ಕಡಿಮೆ ಮಾಡಿಸಿಕೊಳ್ಳಲಿಲ್ಲ. ಕಡಿಮೆ ಮಾಡಿ ಅಂತ ಕೇಳಬಹುದು, ಒಪ್ಪಿದರೆ ಬೇಗ ಹೊರಡಬಹುದು. ಆದರೆ ಆ ಮೂರು ತಿಂಗಳು ಮುಗಿಯೋವರೆಗೆ ಕಮ್ಯುಟೇಶನ್‌ಗೆ, ಅಂದರೆ ಪೆನ್ಶನ್‌ನ ಒಂದು ಭಾಗ 15 ವರ್ಷ ಬಿಟ್ಟುಕೊಟ್ಟು ಬದಲಿಗೆ ಒಟ್ಟಿಗೆ ದುಡ್ಡು ತಗೊಳ್ಳೋಕೆ, ಅರ್ಜಿ ಹಾಕುವಂತಿಲ್ಲ. ನನಗೆ ಆ ದುಡ್ಡು ತಕ್ಷಣ ಬೇಕಿತ್ತು.

ಈಗ ದುಡ್ಡಿನ ವಿಷಯ. ಅಂಕಿ ಎಲ್ಲ ನೆನಪಿನಿಂದ ಹೇಳ್ತಿದೀನಿ, ನೂರು ಇನ್ನೂರು ಆಚೀಚೆ ಇರಬಹುದು. ಕೊನೆಯ ಮೂಲ ವೇತನ 58,600. ಪೆನ್ಶನ್ 29,300. ಅದರಲ್ಲಿ ನೂರಕ್ಕೆ 40 ಭಾಗ, ಅಂದರೆ 11,720, ಕಮ್ಯೂಟ್ ಮಾಡಿಸಿದೆ. ಅದರ ಒಂದು ವರ್ಷದ ಮೊತ್ತಕ್ಕೆ ನನ್ನ ವಯಸ್ಸಿಗೆ ಗುಣಕ ಸುಮಾರು 9. ಒಟ್ಟಿಗೆ ಕೈಗೆ ಬಂದದ್ದು ಹನ್ನೆರಡೂವರೆ ಲಕ್ಷದ ಮೇಲೆ. ಗ್ರಾಚ್ಯುಟಿ 6.4 ಲಕ್ಷ. ಇವೆರಡನ್ನೂ ಸೇರಿಸಿ ವಾರಜೆಯ ಫ್ಲ್ಯಾಟಿನ ಸಾಲ ಪೂರ್ತಿ ತೀರಿಸಿದೆ.

ಕಮ್ಯುಟೇಶನ್ ಬೇಡ ಅಂತ ನನ್ನ ಷಡ್ಡಕ ತುಂಬ ವಾದ ಮಾಡಿದ. 15 ವರ್ಷ ತಿಂಗಳಿಗೆ 11,720 ಬಿಟ್ಟರೆ 21 ಲಕ್ಷ ಆಗುತ್ತೆ, ಸಿಗೋದು ಹನ್ನೆರಡೂವರೆ ಅಂತ ಅವನ ಮಾತು. ನಾನು ಅದನ್ನು ಸಾಲ ಅಂತ ನೋಡಿದೆ. ಹಾಗೆ ನೋಡಿದರೆ ಬಡ್ಡಿ ಏಳು ಚಿಲ್ಲರೆ ಬೀಳುತ್ತೆ. ನನ್ನ ಮನೆ ಸಾಲ ಎಂಟೂವರೆಯ ಮೇಲಿತ್ತು. ಸರ್ಕಾರಿ ನೌಕರನಿಗೆ ಈ ಮೊತ್ತಕ್ಕೆ ತೆರಿಗೆ ಇಲ್ಲ. ಬಿಟ್ಟ 11,720 ಕೈಗೆ ಬಂದಿದ್ದರೆ ಖಾಸಗಿ ಸಂಬಳದ ಜೊತೆ ಸೇರಿ ಅದಕ್ಕೂ ತೆರಿಗೆ ಕಟ್ಟಬೇಕಿತ್ತು. ಇನ್ನೊಂದು ಮುಖ್ಯ ಮಾತು: ತುಟ್ಟಿಭತ್ಯೆ ಲೆಕ್ಕ ಹಾಕೋದು ಪೂರ್ತಿ 29,300ರ ಮೇಲೆ, ಕಡಿತವಾದ ಮೊತ್ತದ ಮೇಲಲ್ಲ. ಮೊದಲ ತಿಂಗಳು 20 ಸಾವಿರ ಚಿಲ್ಲರೆ ಬಂತು. ತುಟ್ಟಿಭತ್ಯೆ ನೂರಕ್ಕೆ 55 ಆದಾಗ ಅದೇ ಪೆನ್ಶನ್ 33 ಸಾವಿರ ದಾಟಿತು. ಖಾಸಗಿಯಲ್ಲಿ ದುಡಿಯುತ್ತಿದ್ದರೂ ಅದು ನಿಲ್ಲುವುದಿಲ್ಲ. ನಾನು ಗ್ರೂಪ್ ಬಿ, ಹಾಗಾಗಿ ಖಾಸಗಿಗೆ ಸೇರಲು ಅನುಮತಿ ಬೇಕಿರಲಿಲ್ಲ. ಗ್ರೂಪ್ ಎ ಅವರು ಮೊದಲ ಒಂದು ವರ್ಷದೊಳಗೆ ಸೇರುವುದಾದರೆ ಅನುಮತಿ ತಗೋಬೇಕು.

ನಷ್ಟವೂ ಇದೆ, ಅದನ್ನು ಮುಚ್ಚಿಡಲ್ಲ. 60ರವರೆಗೆ ಇದ್ದಿದ್ದರೆ ಬರೀ ಇಂಕ್ರಿಮೆಂಟ್‌ನಲ್ಲೇ ಮೂಲ ವೇತನ 91 ಸಾವಿರದ ಹತ್ತಿರ ಹೋಗುತ್ತಿತ್ತು, ಪೆನ್ಶನ್ 45 ಸಾವಿರ. ನನ್ನದಕ್ಕಿಂತ 16 ಸಾವಿರ ಜಾಸ್ತಿ. ಅಷ್ಟೊತ್ತಿಗೆ ತುಟ್ಟಿಭತ್ಯೆ ನೂರರ ಹತ್ತಿರ ಇರುತ್ತೆ ಅಂತ ಹಿಡಿದು ಅದನ್ನು 32 ಸಾವಿರ ಮಾಡಿದೆ. ಇಷ್ಟು ತಿಂಗಳ ಆದಾಯ ನೂರಕ್ಕೆ ಆರರಂತೆ ಬರಬೇಕಾದರೆ ಸುಮಾರು 64 ಲಕ್ಷ ಬೇಕು. ಈ 64 ಲಕ್ಷವೇ ನಾನು ನೌಕರಿ ಬಿಟ್ಟದ್ದರ ನಿಜವಾದ ಬೆಲೆ. ಸರ್ಕಾರಿ ಸಂಬಳ ಕೈಗೆ 65 ಸಾವಿರ ಬರುತ್ತಿತ್ತು. ಖಾಸಗಿಗೆ ಸೇರಿದಾಗ ಸಂಬಳ, ಪೆನ್ಶನ್ ಸೇರಿ 1.28 ಲಕ್ಷ ಆಯಿತು. ಆ ಹೆಚ್ಚುವರಿಯಲ್ಲಿ ತಿಂಗಳಿಗೆ 25 ಸಾವಿರ ಮೊದಲ ದಿನವೇ ಪಿಎಫ್‌ಗೆ, ಪಿಪಿಎಫ್‌ಗೆ ಹೋಗಬೇಕು ಅಂತ ಮನೆಯಲ್ಲಿ ಮಾತಾಯಿತು. ಏಳೂವರೆ ಬಡ್ಡಿ ಬಂದರೂ 15 ವರ್ಷಕ್ಕೆ 80 ಲಕ್ಷದ ಹತ್ತಿರ. ನಡುವೆ ಒಂದೆರಡು ಸಲ ತಪ್ಪಿದರೂ 64 ದಾಟುತ್ತೆ.

ಒಂದು ವರ್ಷ ಈ 25 ಸಾವಿರದಲ್ಲಿ 10 ಸಾವಿರ ತೆಗೆದು ನೇರವಾಗಿ ಷೇರು ಕೊಂಡು ನೋಡಿದೆ. 1.2 ಲಕ್ಷ ಹಾಕಿ ತೊಂಬತ್ತರ ಹತ್ತಿರ ವಾಪಸ್ ತಗೊಂಡೆ. ಈ ದುಡ್ಡು ಪೆನ್ಶನ್ ಬದಲಿಗೆ ಇಟ್ಟಿರೋದು, ಆಮೇಲೆ ಅದನ್ನು ಆ ಕಡೆ ಕಳಿಸಲಿಲ್ಲ.

ಪಿಎಫ್‌ನಲ್ಲಿ ಇನ್ನೊಂದು ತಲೆನೋವು. 2014ರ ಸೆಪ್ಟೆಂಬರ್‌ನಿಂದ ಈಚೆಗೆ ಮೊದಲ ಸಲ ಸೇರುವವನ ಸಂಬಳ 15 ಸಾವಿರದ ಮೇಲಿದ್ದರೆ ಅವನು ಪಿಎಫ್ ಜೊತೆಗಿನ ಪೆನ್ಶನ್ ಯೋಜನೆ ಇಪಿಎಸ್‌ಗೆ ಸೇರುವಂತಿಲ್ಲ, ಕಂಪನಿಯ ಪಾಲೂ ಪೂರ್ತಿ ಪಿಎಫ್‌ಗೇ ಬರಬೇಕು. ನಮ್ಮ ಕಂಪನಿಯವರು ಸುಮ್ನೆ ಎಲ್ಲರ ಹಾಗೆ ನನ್ನನ್ನೂ ಸೇರಿಸಿ ತಿಂಗಳಿಗೆ 1,250 ಆ ಕಡೆ ತಿರುಗಿಸುತ್ತಿದ್ದರು. ಒಂಬತ್ತು ತಿಂಗಳು ಆದ ಮೇಲೆ ಪಾಸ್‌ಬುಕ್ಕಿನಲ್ಲಿ ಕಂಡೆ. ಸರಿಪಡಿಸಲು ಒಂದು ವರ್ಷದ ಮೇಲೆ ಹಿಡಿಯಿತು. ಮೊದಲ ಪಾಸ್‌ಬುಕ್ ಬಂದ ದಿನವೇ ಆ ಕಾಲಂ ನೋಡಿ.

ನಿಜವಾದ ಪರೀಕ್ಷೆ 2020ರಲ್ಲಿ ಬಂತು. ಕಂಪನಿ ಆರು ತಿಂಗಳು ಸಂಬಳದ ಕಾಲು ಭಾಗ ಕಡಿತ ಮಾಡಿತು. ಅದೇ ಹೊತ್ತಿಗೆ ಸರ್ಕಾರ ತುಟ್ಟಿಭತ್ಯೆಯನ್ನು 17ರಲ್ಲೇ ನಿಲ್ಲಿಸಿತು, 2021ರ ಜೂನ್‌ವರೆಗೆ ಏರಲಿಲ್ಲ. ಎರಡೂ ಕಡೆ ಒಟ್ಟಿಗೆ ಬಿಗಿಯಾಯಿತು. ಆದರೂ ಪಿಎಫ್‌ಗೆ ಹಾಕೋದು ನಿಲ್ಲಲಿಲ್ಲ. 2023ರಲ್ಲಿ ಕೆಲಸವೇ ಹೋಯಿತು, ಐದು ತಿಂಗಳು ಮನೆಯಲ್ಲಿದ್ದೆ. ಆ ಐದು ತಿಂಗಳೂ 29 ಸಾವಿರದ ಮೇಲೆ ಪೆನ್ಶನ್ ಬಂತು. ಸಾಲದ ಕಂತು ಇರಲಿಲ್ಲ. ಕೇಂದ್ರ ಸರ್ಕಾರದ ಆರೋಗ್ಯ ಯೋಜನೆಯ ಸಿಜಿಎಚ್‌ಎಸ್ ಕಾರ್ಡ್ ಇತ್ತು. ಮಗಳ ಕಾಲೇಜು ಫೀ ಒಂದಕ್ಕೆ ಮಾತ್ರ ಉಳಿತಾಯ ಮುಟ್ಟಿದೆ. ಆಗ ಮಾವನವರು ಊರಿಂದ ಬಂದು ಎಂಟು ದಿನ ಇದ್ದರು. ಹೋಗುವಾಗ "ನಾ ತಪ್ಪು ತಿಳದಿದ್ದೆ ನೋಡ್ರಿ" ಅಂದರು. ನನಗೆ ಅಷ್ಟು ಸಾಕಾಗಿತ್ತು.

ಹೊಸ ಕೆಲಸದ ಮಾತುಕತೆಯಲ್ಲಿ ನನ್ನ ಪೆನ್ಶನ್ ವಿಷಯ ಎತ್ತಲೇ ಇಲ್ಲ. ಅವರು ಕೇಳಿದರೆ ಏನು ಹೇಳಬೇಕು ಅನ್ನೋದು ನನ್ನ ಹತ್ತಿರವೇ ಇರಲಿ.

ಈ ದಾರಿ ಯಾರಿಗೆ? ಹಳೇ ಪೆನ್ಶನ್ ಇರುವ ಕೇಂದ್ರ ನೌಕರರಿಗೆ. 2003ರ ಕೊನೆಗೆ ಸೇರಿದವರಿಗೂ ಈಗ 20 ದಾಟಿರಬೇಕು, ಸರ್ವಿಸ್ ಬುಕ್ಕಿನಲ್ಲಿ ಕೆಂಪು ಶಾಯಿ ಇಲ್ಲದಿದ್ದರೆ. 2004ರಿಂದ ಈಚೆಗೆ ಸೇರಿದ, ಹೊಸ ಪೆನ್ಶನ್ ಯೋಜನೆ ಎನ್‌ಪಿಎಸ್‌ನವರಿಗೆ ಇದು ನಡೆಯಲ್ಲ. 20 ವರ್ಷ ಸೇವೆ ತುಂಬುವ ಮುಂಚೆ ಬಿಟ್ಟರೆ ಕೂಡಿದ ದುಡ್ಡಿನಲ್ಲಿ ನೂರಕ್ಕೆ 80 ಭಾಗ ವರ್ಷಾಶನ ಕೊಳ್ಳೋಕೇ ಹೋಗುತ್ತೆ. 2025ರ ಏಪ್ರಿಲ್‌ನಿಂದ ಬಂದ ಏಕೀಕೃತ ಪೆನ್ಶನ್ ಯೋಜನೆ ಯುಪಿಎಸ್‌ನಲ್ಲಿ ಪೂರ್ತಿ ಪೆನ್ಶನ್, ಅಂದರೆ ವೇತನದ ಅರ್ಧ, ಸಿಗಲು 25 ವರ್ಷ ಬೇಕು. 25 ಮುಗಿಸಿ ಸ್ವಯಂ ನಿವೃತ್ತಿ ತಗೊಂಡರೂ ದುಡ್ಡು ಶುರುವಾಗುವುದು 60 ತುಂಬುವ ದಿನದಿಂದಲೇ. ನಡುವಿನ ವರ್ಷಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಆ ತಿಂಗಳ ಪೆನ್ಶನ್ ಅವರಿಗೆ ಇರಲ್ಲ.

ಅಕ್ಕನ ಮಗ ಮುಂಬೈನಲ್ಲಿ ಕೇಂದ್ರ ಸರ್ಕಾರಿ ಕೆಲಸದಲ್ಲಿದ್ದಾನೆ, 2011ರಲ್ಲಿ ಸೇರಿದವನು. ಅವನಿಗೂ ಖಾಸಗಿಯಿಂದ ಕರೆ ಬಂದಿದೆ. "ಮಾಮಾ, ನಿಮ್ಮ ಹಂಗ ನಾನೂ ಮಾಡ್ಲೇನು?" ಅಂದ. ನನ್ನ ಹಂಗ ಆಗಲ್ಲಪ್ಪ, ನಿನ್ನ ಲೆಕ್ಕ ಮೊದಲಿಂದ ಹಾಕಬೇಕು ಅಂದೆ. ಬರೋ ಭಾನುವಾರ ತನ್ನ ಎನ್‌ಪಿಎಸ್ ಸ್ಟೇಟ್‌ಮೆಂಟ್ ತಗೊಂಡು ಪುಣೆಗೆ ಬರ್ತಿದ್ದಾನೆ.