ಮೊಣಕೈಯಿಂದ ಮಣಿಕಟ್ಟಿನವರೆಗೆ: ನರದ ನೆಗೆತವನ್ನು ಅಳೆದ ಅನುಭವ

ನರಗಳ ವಹನ ಪರೀಕ್ಷೆ ಮಾಡುವ ವೈದ್ಯನಾಗಿ ನಾನು ನರತಂತುಗಳನ್ನು ಸುತ್ತಿರುವ ಮಯಲಿನ್ ಹೊದಿಕೆಯ ಹಾನಿಯನ್ನು ಸರಿಯಾಗಿ ಅರ್ಥಮಾಡಿಕೊಂಡದ್ದು ಒಬ್ಬ ರೋಗಿಯ, ತೋಳಿನಿಂದ ಹೆಬ್ಬೆರಳ ಕಡೆಗೆ ಸಾಗುವ ಮೀಡಿಯನ್ ನರದಿಂದ. ಎಂಟು ದಿನಗಳಿಂದ ಕೈಕಾಲುಗಳ ಬಲ ಕುಂದುತ್ತಿದ್ದ ಅವರಿಗೆ, ದೇಹದ ರೋಗನಿರೋಧಕ ವ್ಯವಸ್ಥೆಯೇ ನರಗಳ ಮೇಲೆ ದಾಳಿ ಮಾಡುವ ಗಿಲಾನ್-ಬಾರೆ ಕಾಯಿಲೆ ಇರಬಹುದೆಂಬ ಶಂಕೆಯಿತ್ತು.

ಮಣಿಕಟ್ಟಿನಲ್ಲಿಯೂ ಮೊಣಕೈಯಲ್ಲಿಯೂ ನರವನ್ನು ಪ್ರಚೋದಿಸಿ, ಹೆಬ್ಬೆರಳ ಬುಡದ ಸ್ನಾಯುವಿನಲ್ಲಿ ಉತ್ತರವನ್ನು ದಾಖಲಿಸಿದೆ. ಮೊದಲ ಸಲ ವೇಗ ಸೆಕೆಂಡಿಗೆ 16 ಮೀಟರ್ ಎಂದು ಬಂತು. ಆದರೆ ಕೈ ತಣ್ಣಗಿತ್ತು. ಚರ್ಮದ ಉಷ್ಣತೆ 29 ಡಿಗ್ರಿ ಸೆಲ್ಸಿಯಸ್. ತಣ್ಣಗಿನ ನರ ತಾನಾಗಿಯೇ ನಿಧಾನಿಸುವುದರಿಂದ ಆ ಅಂಕಿಯನ್ನು ಬಿಟ್ಟು, ಕೈಯನ್ನು 33 ಡಿಗ್ರಿಗೆ ಬೆಚ್ಚಗಾಗಿಸಿ ಮತ್ತೆ ಅಳೆದೆ. ಉತ್ತರ ಮಣಿಕಟ್ಟಿನಿಂದ 7.9 ಮಿಲಿಸೆಕೆಂಡಿಗೆ, ಮೊಣಕೈಯಿಂದ 18.9 ಮಿಲಿಸೆಕೆಂಡಿಗೆ ಬಂತು. ನಡುವಿನ ದೂರ 220 ಮಿಲಿಮೀಟರ್, ವ್ಯತ್ಯಾಸ 11 ಮಿಲಿಸೆಕೆಂಡ್. ಅಂದರೆ ಸೆಕೆಂಡಿಗೆ 20 ಮೀಟರ್. ಆರೋಗ್ಯವಂತರಲ್ಲಿ ಇದು ಸುಮಾರು 50ರಿಂದ 60 ಇರುತ್ತದೆ.

ಈ ನಿಧಾನಕ್ಕೆ ಕಾರಣ ಹೀಗಿದೆ. ಸಂಕೇತವನ್ನು ಹೊಸದಾಗಿ ಹುಟ್ಟಿಸುವ ಸೋಡಿಯಂ ವಾಹಿನಿಗಳು ದಟ್ಟವಾಗಿರುವುದು ಮಯಲಿನ್ ಹೊದಿಕೆಯ ನಡುನಡುವೆ ಬರುವ ಕಿರಿದಾದ ತೆರಪುಗಳಾದ ರಾನ್ವಿಯೆ ಗಂಟುಗಳಲ್ಲಿ ಮಾತ್ರ. ಒಂದು ಮಿಲಿಮೀಟರಿನಷ್ಟು ದೂರವಿರುವ ಮುಂದಿನ ಗಂಟಿಗೆ ವಿದ್ಯುತ್ ಸೋರದೆ ತಲುಪುವುದು ಮಯಲಿನ್ ಹೊದಿಕೆಯಿಂದ. ಆ ಹೊದಿಕೆ ಹಾಳಾದಾಗ ವಿದ್ಯುತ್ತಿನ ಒಂದು ಭಾಗ ದಾರಿಯಲ್ಲೇ ಸೋರುತ್ತದೆ, ಇನ್ನೊಂದು ಭಾಗ ಬರಿದಾದ ಪೊರೆಗೆ ಆವೇಶ ತುಂಬುವುದರಲ್ಲಿ ವ್ಯಯವಾಗುತ್ತದೆ, ಹೀಗಾಗಿ ಮುಂದಿನ ಗಂಟು ಸಂಕೇತ ಹೊಮ್ಮಿಸಲು ಬೇಕಾದ ಹೊಸ್ತಿಲ ಮಟ್ಟ ಮುಟ್ಟಲು ತಡವಾಗುತ್ತದೆ. ಸಾಮಾನ್ಯವಾಗಿ ಬೇಕಾದದ್ದಕ್ಕಿಂತ ಹಲವು ಪಟ್ಟು ವಿದ್ಯುತ್ ತಲುಪುತ್ತದೆ. ಆ ಮಿಗತೆ ಪೂರ್ತಿ ಕರಗಿದರೆ ಗಂಟಿನಿಂದ ಗಂಟಿಗೆ ಸಂಕೇತ ಹಾರುವ ನೆಗೆತ ಅಲ್ಲಿಯೇ ನಿಲ್ಲುತ್ತದೆ.

ಆದರೆ ಬಲಹೀನತೆಗೆ ವೇಗದ ಇಳಿಕೆಯೇ ಮುಖ್ಯ ಕಾರಣವಲ್ಲ ಎಂಬುದನ್ನು ಸ್ನಾಯುವಿನಲ್ಲಿ ದಾಖಲಾದ ಅಲೆಗಳ ಎತ್ತರ ತೋರಿಸಿತು. ಮಣಿಕಟ್ಟಿನಲ್ಲಿ ಪ್ರಚೋದಿಸಿದಾಗ 6 ಮಿಲಿವೋಲ್ಟ್ ಇದ್ದ ಅಲೆ, ಮೊಣಕೈಯಲ್ಲಿ ಪ್ರಚೋದಿಸಿದಾಗ 2 ಮಿಲಿವೋಲ್ಟ್ ಮಾತ್ರ. ಪ್ರಚೋದನೆ ಸಾಲದೆ ಹೀಗಾಗಿರಬಹುದೆಂದು ತೀವ್ರತೆಯನ್ನು ಇನ್ನೂ ಹೆಚ್ಚಿಸಿದೆ, ಅಲೆ ಬೆಳೆಯಲಿಲ್ಲ. ತಂತುಗಳು ಬೇರೆಬೇರೆ ವೇಗದಲ್ಲಿ ಬಂದು ಪರಸ್ಪರ ರದ್ದಾಗಿದ್ದರೆ ಅಲೆ ಬಹಳ ಅಗಲವಾಗಬೇಕಿತ್ತು, ಇಲ್ಲಿ ಅಗಲ 6ರಿಂದ 7 ಮಿಲಿಸೆಕೆಂಡಿಗೆ ಮಾತ್ರ ಏರಿತ್ತು. ಆದ್ದರಿಂದ ಮುಂಗೈಯ ನಡುವೆ ಹಲವು ತಂತುಗಳಲ್ಲಿ ಸಂಕೇತ ಪೂರ್ತಿ ತಡೆಯಲ್ಪಡುತ್ತಿದೆ ಎಂದು ವರದಿ ಬರೆದೆ. ತಡವಾಗಿ ತಲುಪುವ ಸಂಕೇತ ಸ್ನಾಯುವನ್ನು ಹೇಗೂ ಎಳೆಯುತ್ತದೆ, ತಲುಪದ್ದು ಎಳೆಯುವುದಿಲ್ಲ.

ಕೆಲವು ತಿಂಗಳ ನಂತರ ಅವರ ಹಿಡಿತ ಬಹುಮಟ್ಟಿಗೆ ಮರಳಿತ್ತು. ಮೊಣಕೈಯಿಂದ ಬಂದ ಅಲೆ ಈಗ 5.4 ಮಿಲಿವೋಲ್ಟ್, ಆದರೆ ವೇಗ ಸೆಕೆಂಡಿಗೆ 28 ಮೀಟರ್ ಮಾತ್ರ. ಹೊಸದಾಗಿ ಬೆಳೆದ ಮಯಲಿನ್ ತೆಳುವಾಗಿದ್ದು ಗಂಟುಗಳ ನಡುವಿನ ಅಂತರವೂ ಕಿರಿದಾಗಿರುವುದರಿಂದ, ಸಂಕೇತ ಚಿಕ್ಕ ಚಿಕ್ಕ ನೆಗೆತಗಳಲ್ಲಿ, ನಿಧಾನವಾಗಿಯಾದರೂ ಸ್ನಾಯುವನ್ನು ಮುಟ್ಟುತ್ತಿತ್ತು.